ಟ್ರೋಫಿ ಬೇಟೆ ಯಾವಾಗ ಆಟ, ಯಾವಾಗ ಬರೀ ಗೇಯ್ಮೆ?

ಪ್ರಶ್ನೆ: ಎಲ್ಡನ್ ರಿಂಗ್ ಆಟದ ಎಲ್ಲಾ ಟ್ರೋಫಿ ಗೆದ್ದರೆ ಸಿಗುವ ಪ್ಲಾಟಿನಂ ತುಂಬಾ ಖುಷಿಯಿಂದ ಮುಗಿಸಿದೆ. ಅದೇ ಹುಮ್ಮಸ್ಸಿನಲ್ಲಿ ಡಾರ್ಕ್ ಸೋಲ್ಸ್ 3 ಶುರು ಮಾಡಿದೆ, ಈಗ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಪ್ರೂಫ್ ಆಫ್ ಎ ಕಾನ್ಕಾರ್ಡ್ ಕೆಪ್ಟ್ ಅನ್ನೋ ವಸ್ತು 30 ಬೇಕು, ಸಿಕ್ಕಿರೋದು 11. ಅದಕ್ಕೆ ಒಂದೇ ಮೆಟ್ಟಿಲ ಮೇಲೆ ಸುತ್ತಿಗೆ ಮೂರು ಸಿಲ್ವರ್ ನೈಟ್ ಶತ್ರುಗಳನ್ನು ಕೊಲ್ಲೋದು, ಒಂದೂವರೆ ನಿಮಿಷ, ದಿನಾ ಅದೇ. ಬಿಡೋಕೂ ಆಗ್ತಿಲ್ಲ, ಆಡೋಕೂ ಮನಸ್ಸಿಲ್ಲ. ತಪ್ಪು ನನ್ನದಾ, ಆಟದ್ದಾ? ಮುಂದೆ ಫೈನಲ್ ಫ್ಯಾಂಟಸಿ 10 ರೀಮಾಸ್ಟರ್ ಆಡಬೇಕು ಅಂತಿದ್ದೇನೆ. ಹೀಗಾಗುತ್ತೆ ಅಂತ ಮೊದಲೇ ತಿಳಿಯೋಕೆ ದಾರಿ ಇದೆಯಾ?

ಉತ್ತರ:

ತಪ್ಪು ನಿಮ್ಮದಲ್ಲ. ಎರಡೂ ಆಟ ಮಾಡಿದ್ದು ಒಂದೇ ಕಂಪನಿ, ಫ್ರಮ್ ಸಾಫ್ಟ್‌ವೇರ್. ಎರಡರ ಕಾದಾಟವೂ ಹೆಚ್ಚುಕಡಿಮೆ ಒಂದೇ ಥರ. ಆದರೆ ಎರಡರ ಟ್ರೋಫಿ ಪಟ್ಟಿ ನಿಮ್ಮಿಂದ ಕೇಳೋದು ಬೇರೆ ಬೇರೆ. ಒಂದು ಪಟ್ಟಿ ನಿಮ್ಮನ್ನು ನೋಡದ ಜಾಗಕ್ಕೆ ಕಳಿಸುತ್ತದೆ, ಇನ್ನೊಂದು ನೋಡಿದ ಜಾಗದಲ್ಲೇ ಕೂರಿಸುತ್ತದೆ. ನಿಮ್ಮ ಬೇಸರಕ್ಕೆ ಮುಖ್ಯ ಕಾರಣ ಇದೇ. ಮೊದಲು ಇದನ್ನು ಬಿಡಿಸಿ ನೋಡೋಣ, ಆಮೇಲೆ ನಿಮ್ಮ ಉಳಿದ 19 ಪ್ರೂಫ್ ವಿಷಯಕ್ಕೆ ಬರೋಣ.

ಎಲ್ಡನ್ ರಿಂಗ್ ಪಟ್ಟಿಯಲ್ಲಿ ಲೆಜೆಂಡರಿ ಆಯುಧಗಳ ಟ್ರೋಫಿ ನೆನಪಿದೆಯಲ್ವಾ? ಒಟ್ಟು ಒಂಬತ್ತು ಆಯುಧ. ಒಂದು ಕಾಸಲ್ ಮೋರ್ನ್ ಬಾಸ್ ಹತ್ತಿರ, ಒಂದು ಕೇರಿಯಾ ಮ್ಯಾನರ್‌ನಲ್ಲಿ, ಒಂದು ಶೇಡೆಡ್ ಕಾಸಲ್‌ನಲ್ಲಿ, ಒಂದು ಹಿಮದ ನಡುವಿನ ಕಾಸಲ್ ಸೋಲ್‌ನಲ್ಲಿ, ಇನ್ನೊಂದಕ್ಕೆ ರಾನಿ ಅನ್ನೋ ಪಾತ್ರದ ಕಥೆಯನ್ನು ಉದ್ದಕ್ಕೂ ಹಿಂಬಾಲಿಸಬೇಕು. ಒಂದೊಂದು ಆಯುಧಕ್ಕೂ ಹೊಸ ಜಾಗ, ಹೊಸ ಶತ್ರು, ಹೊಸ ದಾರಿ. ಟ್ರೋಫಿ ಇಲ್ಲದಿದ್ದರೆ ಎಷ್ಟೋ ಜನ ಕಾಸಲ್ ಸೋಲ್ ಕಡೆ ತಲೆ ಹಾಕದೆಯೇ ಆಟ ಮುಗಿಸುತ್ತಿದ್ದರು. ಅಂದರೆ ಇಲ್ಲಿ ಟ್ರೋಫಿ ಒಳ್ಳೆಯ ಕೆಲಸವನ್ನೇ ಮಾಡಿದೆ. "ಆ ಕಡೆಯೂ ಹೋಗಿ ಬನ್ನಿ, ಅಲ್ಲೇನೋ ಇದೆ" ಅಂತ ಹೇಳಿ ಕಳಿಸಿದೆ. ಹೋದ ಮೇಲೆ ಅಲ್ಲಿ ನಿಜವಾಗಿಯೂ ಏನೋ ಇರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಎಲ್ಡನ್ ರಿಂಗ್‌ನಲ್ಲಿ ಮಂತ್ರಗಳು ಬೇಕಾದಷ್ಟಿವೆ, ಆದರೆ ಪಟ್ಟಿ ಕೇಳೋದು ಲೆಜೆಂಡರಿ ಅನ್ನಿಸಿಕೊಂಡ ಏಳನ್ನು ಮಾತ್ರ. ಟಾಲಿಸ್ಮನ್‌ಗಳಲ್ಲೂ ಹಾಗೆಯೇ, ಎಂಟು ಸಾಕು. ಡಾರ್ಕ್ ಸೋಲ್ಸ್ 3 ಪಟ್ಟಿ ಹಾಗಲ್ಲ. ಅದಕ್ಕೆ ಮಂತ್ರಗಳಲ್ಲಿ ಎಲ್ಲಾ ಮಿರಾಕಲ್ ಬೇಕು, ಎಲ್ಲಾ ಸಾರ್ಸರಿ ಬೇಕು, ಎಲ್ಲಾ ಪೈರೋಮ್ಯಾನ್ಸಿ ಬೇಕು, ಎಲ್ಲಾ ಉಂಗುರ ಬೇಕು. "ಎಲ್ಲಾ" ಅಂತ ಬಂದ ಕೂಡಲೇ, ಆಟದಲ್ಲಿ ಅತಿ ಕೆಟ್ಟದಾಗಿ ಹಂಚಿಟ್ಟ ವಸ್ತು ಯಾವುದೋ ಅದೇ ನಿಮ್ಮ ಪ್ಲಾಟಿನಂ ಯಾವಾಗ ಬರಬೇಕು ಅಂತ ತೀರ್ಮಾನಿಸುತ್ತದೆ. ಇಲ್ಲಿ ಆ ವಸ್ತು ಡಾರ್ಕ್‌ಮೂನ್ ಬ್ಲೇಡ್. ಅದೊಂದು ಮಿರಾಕಲ್. ಯೋರ್ಶ್ಕಾ ಅನ್ನೋ ಪಾತ್ರಕ್ಕೆ 10 ಪ್ರೂಫ್ ಕೊಟ್ಟರೆ ಡಾರ್ಕ್‌ಮೂನ್ ಉಂಗುರ ಬರುತ್ತದೆ, 30 ಕೊಟ್ಟರೆ ಈ ಮಿರಾಕಲ್. ನಿಮ್ಮ ಹತ್ತಿರ 11 ಇದೆ ಅಂದರೆ ಉಂಗುರಕ್ಕೆ ಬೇಕಾದದ್ದು ಆಗಲೇ ಇದೆ, ಬಾಕಿ ಕಷ್ಟವೆಲ್ಲ ಒಂದು ಮಂತ್ರಕ್ಕೆ.

ಆ ಪ್ರೂಫ್ ಯಾಕೆ ಅಷ್ಟು ಅಪರೂಪ ಅನ್ನೋದನ್ನೂ ತಿಳಿದುಕೊಳ್ಳಿ, ಅದರಿಂದ ಅರ್ಧ ಸಿಟ್ಟು ಇಳಿಯುತ್ತದೆ. ಅದನ್ನು ಮೂಲದಲ್ಲಿ ಇಟ್ಟಿದ್ದೇ ಆನ್‌ಲೈನ್ ಆಟಕ್ಕೆ. ಯಾರದೋ ಲೋಕಕ್ಕೆ ಇನ್ನೊಬ್ಬ ಆಟಗಾರ ದಾಳಿ ಮಾಡಿದಾಗ ಆಟ ನಿಮ್ಮನ್ನು ಕಾವಲಿಗೆ ಕರೆಯುತ್ತದೆ, ನೀವು ದಾಳಿಕೋರನನ್ನು ಸೋಲಿಸುತ್ತೀರಿ, ಪ್ರೂಫ್ ಸಿಗುತ್ತದೆ. ಕೇಳೋಕೆ ಚೆನ್ನಾಗಿದೆ. ಪ್ರತಿ ಪ್ರೂಫ್ ಹಿಂದೆಯೂ ಒಂದು ಬೇರೆ ಜಗಳ, ಬೇರೆ ಮನುಷ್ಯ. ಆದರೆ ನಿಮಗೆ ಕರೆ ಬರಬೇಕಾದರೆ ಆ ಲೋಕದ ಒಡೆಯ ವೇ ಆಫ್ ಬ್ಲೂ ಎಂಬ ಪಂಗಡದ ಕವನೆಂಟ್ ಹಾಕಿಕೊಂಡಿರಬೇಕು, ಅದೇ ಹೊತ್ತಿಗೆ ಅವರ ಮೇಲೆ ದಾಳಿಯೂ ಆಗಿರಬೇಕು. ಕವನೆಂಟ್ ಹಾಕಿಕೊಂಡು ಗಂಟೆಗಟ್ಟಲೆ ಆಡಿದರೂ ಒಂದು ಕರೆಯೂ ಬರದೆ ಇರೋದು ಮಾಮೂಲು. ಪಿಸಿಯಲ್ಲಂತೂ 2022ರ ಜನವರಿಯಿಂದ ಆಗಸ್ಟ್ ತನಕ ಸರ್ವರ್‌ಗಳೇ ನಿಂತಿದ್ದವು, ಆ ಅವಧಿಯಲ್ಲಿ ಆ ದಾರಿ ಪೂರ್ತಿ ಮುಚ್ಚಿತ್ತು. ಸಿಲ್ವರ್ ನೈಟ್‌ಗಳಿಂದ ಬೀಳುವ ಪ್ರೂಫ್, ಈ ದಾರಿ ಸಿಗದವರಿಗೆ ಅಂತ ಇಟ್ಟ ಹಿಂಬಾಗಿಲು. ಹಿಂಬಾಗಿಲಿನಲ್ಲಿ ಮೂವತ್ತು ಸಲ ನುಗ್ಗಬೇಕಾಗಿ ಬಂದಿದೆ, ಅಷ್ಟೇ. ಅದನ್ನು ಯಾರೂ ಆಟವಾಗಿ ರೂಪಿಸಿಲ್ಲ, ಹಾಗಾಗಿ ಅದರಲ್ಲಿ ಆಟದ ರುಚಿ ಇಲ್ಲ.

ಈಗ ಸಿಲ್ವರ್ ನೈಟ್ ಜೊತೆಗಿನ ನಿಮ್ಮ ಮೊದಲ ಕಾದಾಟ ನೆನಪು ಮಾಡಿಕೊಳ್ಳಿ. ಗುರಾಣಿ ಎತ್ತಿಕೊಂಡು ನಿಧಾನಕ್ಕೆ ಬರುತ್ತಾನೆ. ನೀವು ಹೊಡೆದರೆ ತಡೆಯುತ್ತಾನೆ, ನಿಮ್ಮ ಸ್ಟ್ಯಾಮಿನಾ ಖಾಲಿಯಾದ ಗಳಿಗೆಗೆ ಸರಿಯಾಗಿ ತಿರುಗಿ ಹೊಡೆಯುತ್ತಾನೆ. ಒಂದೆರಡು ಸಲ ಸಾಯುತ್ತೀರಿ. ಆಮೇಲೆ ಅವನು ಕತ್ತಿ ಎತ್ತುವ ವೇಗ ಕಣ್ಣಿಗೆ ಹಿಡಿಯುತ್ತದೆ, ಪ್ಯಾರಿ ಮಾಡಲು ಕಲಿಯುತ್ತೀರಿ, ಇಲ್ಲವೇ ಪಕ್ಕಕ್ಕೆ ಸುತ್ತಿ ಬೆನ್ನಿಗೆ ಇರಿಯೋದು ಕಲಿಯುತ್ತೀರಿ. ಹತ್ತನೇ ನೈಟ್‌ವರೆಗೂ ಕಲಿಯೋಕೆ ಏನೋ ಇರುತ್ತದೆ. ಇಪ್ಪತ್ತನೆಯವನ ಹೊತ್ತಿಗೆ ಕೈಗೆ ಎಲ್ಲಾ ಬಂದಿರುತ್ತದೆ. ಇನ್ನೂರನೆಯವನು ನಿಮಗೆ ಏನು ಕಲಿಸಬೇಕು? ಅವನೂ ಹಾಗೇ ಇದ್ದಾನೆ, ಆ ಮೆಟ್ಟಿಲೂ ಹಾಗೇ ಇದೆ. ನಿಮ್ಮ ಕೌಶಲ ಎಷ್ಟೇ ಬೆಳೆದರೂ ಪ್ರೂಫ್ ಬೀಳುವ ಸಾಧ್ಯತೆ ಒಂದು ಚೂರೂ ಬೆಳೆಯೋದಿಲ್ಲ. ನಾನು ಗೇಯ್ಮೆ ಅಂತ ಕರೆಯೋದು ಈ ಸ್ಥಿತಿಯನ್ನು. ಆಟ ನಿಮ್ಮಿಂದ ಗಮನ ಕೇಳುತ್ತಿಲ್ಲ, ಜಾಣ್ಮೆ ಕೇಳುತ್ತಿಲ್ಲ, ಹೊತ್ತು ಮಾತ್ರ ಕೇಳುತ್ತಿದೆ.

ಕಷ್ಟ ಬೇರೆ, ಗೇಯ್ಮೆ ಬೇರೆ ಅನ್ನೋದನ್ನು ದಯವಿಟ್ಟು ಗಮನಿಸಿ. ಒಂದೇ ಬಾಸ್ ಹತ್ತಿರ ನಲವತ್ತು ಸಲ ಸತ್ತರೂ ಅದು ಗೇಯ್ಮೆ ಅಲ್ಲ. ಯಾಕೆಂದರೆ ನಲವತ್ತನೇ ಸಲ ನೀವು ಮೂವತ್ತೊಂಬತ್ತನೇ ಸಲಕ್ಕಿಂತ ಸ್ವಲ್ಪ ಬೇರೆ ಆಟಗಾರ. ಎಲ್ಲಿ ಉರುಳಬೇಕು, ಎಲ್ಲಿ ಕಾಯಬೇಕು ಅನ್ನೋದು ಒಂದೊಂದು ಸಲಕ್ಕೂ ಒಂದೊಂದು ಗುಟುಕು ಒಳಗೆ ಇಳಿದಿರುತ್ತದೆ. ಹಾಗಾಗಿ ಎಷ್ಟು ಸಲ ಮಾಡಬೇಕು ಅನ್ನೋ ಲೆಕ್ಕ ನೋಡಿ ತೀರ್ಮಾನಿಸಬೇಡಿ. ಮುಂದಿನ ಸುತ್ತು ಹಿಂದಿನ ಸುತ್ತಿಗಿಂತ ಯಾವುದರಲ್ಲಾದರೂ ಬೇರೆ ಇರುತ್ತದಾ ಅಂತ ಕೇಳಿಕೊಳ್ಳಿ.

ಈಗ ನಿಮ್ಮ 19 ಪ್ರೂಫ್ ಲೆಕ್ಕ. ಒಂದು ನೈಟ್‌ಗೆ ಪ್ರೂಫ್ ಬೀಳುವ ಸಾಧ್ಯತೆ, ವಸ್ತು ಬೀಳುವ ಅದೃಷ್ಟ ತೋರಿಸುವ ನಿಮ್ಮ ಐಟಂ ಡಿಸ್ಕವರಿ ಅಂಕಿ ಎಷ್ಟಿದೆ ಅನ್ನೋದರ ಮೇಲೆ ನಿಂತಿದೆ. ಲೆಕ್ಕ ಸುಲಭ ಆಗಲಿ ಅಂತ ಡಿಸ್ಕವರಿ ಕಮ್ಮಿ ಇದ್ದಾಗ ನೂರಕ್ಕೆ 1, ಚೆನ್ನಾಗಿ ಏರಿಸಿಕೊಂಡಾಗ ನೂರಕ್ಕೆ 4 ಅಂತ ಇಟ್ಟುಕೊಳ್ಳೋಣ. ನೂರಕ್ಕೆ 1 ಆದರೆ ಒಂದು ಪ್ರೂಫ್‌ಗೆ ಸರಾಸರಿ ನೂರು ನೈಟ್, 19ಕ್ಕೆ 1900 ನೈಟ್. ಸುತ್ತಿಗೆ ಮೂವರಂತೆ ಸುಮಾರು 630 ಸುತ್ತು, ಒಂದೂವರೆ ನಿಮಿಷದ ಲೆಕ್ಕದಲ್ಲಿ ಹದಿನಾರು ಗಂಟೆ ಹತ್ತಿರ. ನೂರಕ್ಕೆ 4 ಆದರೆ 475 ನೈಟ್, ಸುಮಾರು 160 ಸುತ್ತು, ನಾಲ್ಕು ಗಂಟೆ. ಅದೇ ನೈಟ್, ಅದೇ ಮೆಟ್ಟಿಲು, ಹನ್ನೆರಡು ಗಂಟೆ ವ್ಯತ್ಯಾಸ.

ಹಾಗಾಗಿ ಇನ್ನೊಂದು ಸುತ್ತು ಹೋಗುವ ಮೊದಲು ಸ್ಟೇಟಸ್ ಸ್ಕ್ರೀನ್ ತೆಗೆದು ಐಟಂ ಡಿಸ್ಕವರಿ ಎಷ್ಟಿದೆ ನೋಡಿ. ನೂರರ ಆಸುಪಾಸು ಇದ್ದರೆ ನೀವು ಸುಮ್ನೆ ಒದ್ದಾಡುತ್ತಿದ್ದೀರಿ. ಪೆಟ್ಟಿಗೆಯ ವೇಷದ ಶತ್ರು ಮಿಮಿಕ್ ಕೊಡುವ ಸಿಂಬಲ್ ಆಫ್ ಅವರಿಸ್ ತಲೆಗೆ ಹಾಕಿ. ಅದು ನಿಮ್ಮ ಆರೋಗ್ಯವನ್ನು ನಿಧಾನಕ್ಕೆ ಕುಡಿಯುತ್ತದೆ, ಆದರೆ ಒಂದೂವರೆ ನಿಮಿಷದ ಸುತ್ತಿಗೆ ಅದು ದೊಡ್ಡ ವಿಷಯ ಅಲ್ಲ. ಕವೆಟಸ್ ಗೋಲ್ಡ್ ಸರ್ಪೆಂಟ್ ಉಂಗುರ ಹಾಕಿ. ಕ್ರಿಸ್ಟಲ್ ಸೇಜ್ ರೇಪಿಯರ್ ಎಡಗೈಯಲ್ಲಿ ಹಿಡಿದಿದ್ದರೂ ಸಾಕು, ಅದರಿಂದ ಹೊಡೆಯಲೇಬೇಕು ಅಂತಿಲ್ಲ. ರಸ್ಟೆಡ್ ಕಾಯಿನ್ ಪುಡಿ ಮಾಡಿದರೆ ಸ್ವಲ್ಪ ಹೊತ್ತು ಡಿಸ್ಕವರಿ ಏರುತ್ತದೆ, ರಸ್ಟೆಡ್ ಗೋಲ್ಡ್ ಕಾಯಿನ್ ಆದರೆ ಇನ್ನೂ ಜಾಸ್ತಿ. ಅದರ ಹೊತ್ತು ಬೇಗ ಮುಗಿಯುತ್ತದೆ, ಹಾಗಾಗಿ ಬಾನ್‌ಫೈರ್ ಹತ್ತಿರವೇ ಪುಡಿ ಮಾಡಬೇಡಿ, ಮೊದಲ ನೈಟ್ ಕಣ್ಣಿಗೆ ಬಿದ್ದ ಮೇಲೆ ಮಾಡಿ. ಲಕ್ ಏರಿಸಿದರೂ ಡಿಸ್ಕವರಿ ಏರುತ್ತದೆ, ಆದರೆ ಇದೊಂದಕ್ಕೆ ಅಂತ ಲೆವೆಲ್ ಸುರಿಯೋದು ನನಗಂತೂ ದಂಡ ಅನ್ನಿಸುತ್ತದೆ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಮನಸ್ಸಿಗೆ ಇದು ಹೆಚ್ಚು ಉಪಯೋಗ. ಡಿಸ್ಕವರಿ ಏರಿಸಿಕೊಂಡು ನೂರಕ್ಕೆ 4 ಇದ್ದರೂ, ಸತತ 50 ನೈಟ್ ಕೊಂದು ಒಂದೂ ಪ್ರೂಫ್ ಬೀಳದೆ ಇರುವ ಸಾಧ್ಯತೆ ನೂರಕ್ಕೆ 13. ಒಂದು ಪ್ರೂಫ್‌ಗೆ ಅಂತ ನೋಡಿದರೆ ಇದು ಕಮ್ಮಿಯೇ. ಆದರೆ ನೀವು ಕಾಯಬೇಕಾದ್ದು 19 ಪ್ರೂಫ್‌ಗೆ. ಆ ಹತ್ತೊಂಬತ್ತರಲ್ಲಿ ಒಂದು ಸಲವಾದರೂ ಅಂಥ ಬರಗಾಲ ಬಂದೇ ಬರುವ ಸಾಧ್ಯತೆ ನೂರಕ್ಕೆ 93. ಅಂದರೆ ಹದಿನೈದು ಇಪ್ಪತ್ತು ಸುತ್ತು ಏನೂ ಬೀಳದೆ ಇದ್ದಾಗ ನಿಮಗೆ ಮಾತ್ರ ಅದೃಷ್ಟ ಕೆಟ್ಟಿದೆ ಅಂತಲ್ಲ, ಎಲ್ಲರಿಗೂ ಹಾಗಾಗುತ್ತದೆ. ಬರಗಾಲ ಆದ ಮೇಲೆ "ಇನ್ನೇನು ಬೀಳಲೇಬೇಕು" ಅನ್ನಿಸೋದೂ ಸುಳ್ಳು. ಐವತ್ತು ಖಾಲಿ ನೈಟ್ ಆದ ಮೇಲೂ ಐವತ್ತೊಂದನೆಯವನಿಗೆ ಅದೇ ನೂರಕ್ಕೆ 4. ಈ "ಇನ್ನೇನು" ಅನ್ನೋ ಭಾವನೆಯೇ ಜನರನ್ನು ಬೆಳಗಿನ ಜಾವದ ತನಕ ಕೂರಿಸೋದು. ಆಟದ ಖುಷಿಗೆ ಅಂತ ಯಾರೂ ಅಷ್ಟು ಹೊತ್ತು ಆ ಮೆಟ್ಟಿಲ ಮೇಲೆ ಇರೋದಿಲ್ಲ.

ಹಾಗಾದರೆ ಬಿಡೋದಾ, ಮುಂದುವರಿಸೋದಾ? ಡಿಸ್ಕವರಿ ಏರಿಸಿಕೊಂಡ ಮೇಲೆ ಸಂಜೆಗೆ ಅರ್ಧ ಗಂಟೆ, ಅಂದರೆ ಇಪ್ಪತ್ತು ಸುತ್ತು ಅಂತ ಗೆರೆ ಎಳೆಯಿರಿ. ನಡುವೆ ಒಂದು ಪ್ರೂಫ್ ಬಿತ್ತು ಅಂತ ಜಾಸ್ತಿ ಮಾಡಬೇಡಿ, ಏನೂ ಬೀಳಲಿಲ್ಲ ಅಂತಲೂ ಜಾಸ್ತಿ ಮಾಡಬೇಡಿ. ಗೆರೆಯನ್ನು ಪ್ರೂಫ್ ಲೆಕ್ಕದಲ್ಲಿ ಎಳೆಯಲೇಬೇಡಿ. "ಇವತ್ತು ಎರಡು ಸಿಗೋ ತನಕ" ಅಂದರೆ ನಿಮ್ಮ ಸಂಜೆಯನ್ನು ಆ ನೂರಕ್ಕೆ 4ರ ಕೈಗೆ ಕೊಟ್ಟ ಹಾಗೆ. ಉಳಿದ ಹೊತ್ತಿಗೆ ಅದೇ ಆಟದಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಿ. ಉಂಗುರಗಳ ಟ್ರೋಫಿಗೆ ಹೇಗೂ ಆಟವನ್ನು ಮೊದಲಿಂದ ಎರಡನೇ ಮತ್ತು ಮೂರನೇ ಸಲ ಆಡಬೇಕು, ಪ್ಲಸ್ ಒನ್, ಪ್ಲಸ್ ಟೂ ಉಂಗುರಗಳು ಅಲ್ಲೇ ಸಿಗೋದು. ಅದರಲ್ಲೂ ಓಡಾಟ ಜಾಸ್ತಿ ಇದೆ, ಒಪ್ಪುತ್ತೇನೆ, ಆದರೆ ಅಲ್ಲಿ ಶತ್ರುಗಳ ಏಟು ಗಟ್ಟಿಯಾಗಿರುತ್ತದೆ, ಹೊಸ ಆಯುಧ ಹಿಡಿದು ಹೋಗಬಹುದು. ಮೊದಲ ಸುತ್ತನ್ನು ದೊಡ್ಡ ಕತ್ತಿ ಹಿಡಿದು ಆಡಿದ್ದರೆ ಎರಡನೆಯದನ್ನು ಮಂತ್ರ ಹಿಡಿದು ಆಡಿ, ಅದೇ ಬಾಸ್‌ಗಳು ಬೇರೆಯೇ ಕಾಣುತ್ತಾರೆ.

ಆ ಅರ್ಧ ಗಂಟೆಯಲ್ಲಿ ನಿಮ್ಮನ್ನು ನೀವು ಗಮನಿಸಿಕೊಳ್ಳಿ. ಕೆಲವು ಗುರುತುಗಳು ಸುಳ್ಳು ಹೇಳೋದಿಲ್ಲ. ಇಷ್ಟದ ಆಯುಧ ಬಿಟ್ಟು, ಬೇಗ ಕೊಲ್ಲುತ್ತದೆ ಅಂತ ಇಷ್ಟವಿಲ್ಲದ ಆಯುಧ ಹಿಡಿದಿರುತ್ತೀರಿ. ಲೋಡಿಂಗ್ ಹೊತ್ತು ಕಾದಾಟಕ್ಕಿಂತ ಉದ್ದ ಅನ್ನಿಸುತ್ತದೆ. ಕಿವಿಯಲ್ಲಿ ಬೇರೆ ಏನಾದರೂ ಓಡುತ್ತಿದ್ದರೆ ಮಾತ್ರ ಕೂರೋಕೆ ಆಗುತ್ತದೆ. ಪ್ರೂಫ್ ಬಿದ್ದಾಗ "ಸಿಕ್ತು!" ಅಂತ ಅನ್ನಿಸೋದಿಲ್ಲ, "ಸದ್ಯ, ಒಂದು ಕಮ್ಮಿ ಆಯ್ತು" ಅಂತ ಅನ್ನಿಸುತ್ತದೆ. ಈ ಕೊನೆಯದನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ. ಟ್ರೋಫಿ ಬಂದಾಗ ಖುಷಿಗೆ ಬದಲು ಬಿಡುಗಡೆ ಮಾತ್ರ ಸಿಗುತ್ತಿದ್ದರೆ, ಆ ಟ್ರೋಫಿ ಇಷ್ಟು ದಿನ ನಿಮ್ಮ ತಲೆ ಮೇಲೆ ಕೂತಿತ್ತು ಅಂತಲೇ ಅರ್ಥ.

ಒಂದು ಮಾತು ಸೇರಿಸಬೇಕು. ಇಂಥ ಕೆಲಸ ನಿಜವಾಗಿಯೂ ಇಷ್ಟಪಡುವವರು ಇದ್ದಾರೆ. ದಿನವೆಲ್ಲ ತಲೆ ಕೆಡಿಸಿಕೊಂಡು ದುಡಿದು ಬಂದವರಿಗೆ, ಯೋಚನೆ ಬೇಡದ, ಕೈಗೆ ಅಭ್ಯಾಸವಾದ ಒಂದು ಸುತ್ತು ವಿಶ್ರಾಂತಿ ಕೊಡುತ್ತದೆ. ಅವರನ್ನು ಕೇಳಿದರೆ ಹೀಗೆ ಒಂದೇ ಕಡೆ ಸುತ್ತೋ ಫಾರ್ಮಿಂಗ್ ಅಂದರೆ ಬೇಸರ ಅಂತ ಹೇಳೋದೇ ಇಲ್ಲ. ಅವರು ಹೇಳೋದು ಸುಳ್ಳಲ್ಲ. ಆದರೆ ಅವರು ಪ್ರೂಫ್ ಎಣಿಸಿಕೊಂಡು ಕೂರೋದಿಲ್ಲ, ಬಿದ್ದರೆ ಬಿತ್ತು ಅಂತಾರೆ. ನೀವು "ಬಿಡೋಕೂ ಆಗ್ತಿಲ್ಲ, ಆಡೋಕೂ ಮನಸ್ಸಿಲ್ಲ" ಅಂತ ಬರೆದಿದ್ದೀರಿ. ಹಾಗಾಗಿ ನೀವು ಆ ಗುಂಪಿನವರಲ್ಲ ಅಂತ ಧೈರ್ಯವಾಗಿ ಹೇಳಬಲ್ಲೆ.

ಎರಡು ವಾರ ಹೀಗೆ ಗೆರೆ ಹಾಕಿ ಆಡಿ. ಆಗಲೂ ಬಿಡುಗಡೆಯ ನಿಟ್ಟುಸಿರು ಬಿಟ್ಟು ಬೇರೇನೂ ಇಲ್ಲ ಅನ್ನಿಸಿದರೆ ಅಲ್ಲಿಗೆ ನಿಲ್ಲಿಸಿ. ಪ್ಲಾಟಿನಂ ಇಲ್ಲದೆ ಆಟ ಅರ್ಧಕ್ಕೆ ಬಿಟ್ಟ ಹಾಗೆ ಆಗುತ್ತೆ ಅನ್ನೋ ಭಯ ಬೇಡ. ಡಾರ್ಕ್ ಸೋಲ್ಸ್ 3 ಕೊಡಬಹುದಾದ ಜಾಗ, ಬಾಸ್, ಕಥೆ ಎಲ್ಲವನ್ನೂ ನೀವು ಆಗಲೇ ನೋಡಿದ್ದೀರಿ. ಉಳಿದಿರೋದು ಒಂದು ಮಿರಾಕಲ್, ಕೆಲವು ಉಂಗುರ.

"ಎಲ್ಲಾ ಮುಗಿಸಬೇಕು" ಅನ್ನೋ ಆಸೆಯನ್ನು ಆಟ ಮಾಡಿದವರೇ ಬೇಡ ಅಂದ ಒಂದು ಉದಾಹರಣೆ ಕೊಡುತ್ತೇನೆ. 2017ರ ಜೆಲ್ಡಾ, ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ ಕೊರೊಕ್ ಎಂಬ ಪುಟ್ಟ ಕಾಡುಜೀವಿಗಳು ಕೊಡುವ 900 ಬೀಜಗಳಿವೆ. ನಿಮ್ಮ ಚೀಲವನ್ನು ಪೂರ್ತಿ ದೊಡ್ಡದು ಮಾಡಿಕೊಳ್ಳೋಕೆ 441 ಸಾಕು. ಅಂದರೆ ಅರ್ಧಕ್ಕಿಂತ ಜಾಸ್ತಿ ಬೀಜಗಳಿಂದ ಆಟದಲ್ಲಿ ನಿಮಗೆ ಏನೂ ಲಾಭ ಇಲ್ಲ. ಅಷ್ಟೊಂದು ಯಾಕೆ ಇಟ್ಟರು ಅಂದರೆ, ಆಟಗಾರ ಯಾವ ಬೆಟ್ಟ ಹತ್ತಿದರೂ, ಯಾವ ಕಡೆ ತಿರುಗಿದರೂ ಕಾಲಿಗೆ ಒಂದಾದರೂ ಸಿಗಲಿ ಅಂತ. ಒಂದು ವಿಚಿತ್ರ ಕಲ್ಲು ಕಂಡು ಎತ್ತಿ ನೋಡುತ್ತೀರಿ, ಕೆಳಗಿಂದ ಕೊರೊಕ್ ಎದ್ದು ಬರುತ್ತದೆ. ಆ ಗಳಿಗೆ ಎಷ್ಟು ಚೆಂದ! ಅದೇ ಬೀಜಗಳನ್ನು ಮ್ಯಾಪ್ ಗೈಡ್ ಪಕ್ಕಕ್ಕೆ ಇಟ್ಟುಕೊಂಡು 600, 601, 602 ಅಂತ ಗುರುತು ಹಾಕುತ್ತಾ ಹೋದರೆ ಕಲ್ಲು ಕಂಡಾಗ ಕುತೂಹಲ ಇರೋದಿಲ್ಲ, ಕೆಳಗೆ ಏನಿದೆ ಅಂತ ಗೊತ್ತೇ ಇರುತ್ತದಲ್ವಾ. 900 ಪೂರ್ತಿ ಮಾಡಿದವರಿಗೆ, ಬೀಜ ಪಡೆದು ಚೀಲ ದೊಡ್ಡದು ಮಾಡಿಕೊಡುವ ಹೆಸ್ಟು ಕೊಡೋದು ಮಲದ ಆಕಾರದ ಒಂದು ಚಿನ್ನದ ಉಂಡೆ. ಅದನ್ನು ತೋರಿಸಿದರೆ ಅವನು ಕುಣಿಯುತ್ತಾನೆ, ಅಷ್ಟೇ. ಅಷ್ಟಾದರೂ ಈ ಆಟದ ಮ್ಯಾಪ್‌ನಲ್ಲಿ ಪೂರ್ತಿಯಾದದ್ದರ ಶೇಕಡಾ ತೋರಿಸುತ್ತದೆ, ಆ ಅಂಕಿಯೇ ಎಷ್ಟೋ ಜನರನ್ನು ಗೈಡ್ ಹಿಡಿಯುವಂತೆ ಮಾಡಿತು. ನನಗೆ ಅದು ಬೇಸರದ ಸಂಗತಿ. ಅಷ್ಟು ಒಳ್ಳೆಯ ಹುಡುಕಾಟಕ್ಕೆ ಆ ಅಂಕಿ ಬೇಕಾಗಿರಲೇ ಇಲ್ಲ.

ಈಗ ಮೊದಲೇ ತಿಳಿಯೋದು ಹೇಗೆ ಅನ್ನೋದಕ್ಕೆ. ಪ್ಲೇಸ್ಟೇಷನ್‌ನಲ್ಲೂ ಸ್ಟೀಮ್‌ನಲ್ಲೂ ಪ್ರತಿ ಟ್ರೋಫಿ ಪಕ್ಕ ಎಷ್ಟು ಶೇಕಡಾ ಆಟಗಾರರಿಗೆ ಅದು ಸಿಕ್ಕಿದೆ ಅಂತ ಇರುತ್ತದೆ. ಪ್ಲಾಟಿನಂ ಶೇಕಡಾವನ್ನು ಒಂದೇ ನೋಡಿದರೆ ಮೋಸ ಹೋಗುತ್ತೀರಿ. ಯಾಕೆಂದರೆ ಆಟವನ್ನು ಒಂದು ಗಂಟೆ ಆಡಿ ಬಿಟ್ಟವರೂ ಆ ಲೆಕ್ಕದಲ್ಲಿ ಇದ್ದಾರೆ. ಕಥೆಯ ಕೊನೆಗೆ ಸಿಗುವ ಟ್ರೋಫಿಯ ಶೇಕಡಾ ಜೊತೆ ಹೋಲಿಸಿ. ಕಥೆ ಮುಗಿಸಿದವರು ನೂರಕ್ಕೆ 40, ಪ್ಲಾಟಿನಂ 20 ಅಂದರೆ ಮುಗಿಸಿದವರಲ್ಲಿ ಅರ್ಧ ಜನ ಅಲ್ಲಿ ತನಕ ಹೋಗಿದ್ದಾರೆ, ದಾರಿ ಸಲೀಸು. ಕಥೆ ಮುಗಿಸಿದವರು 40, ಪ್ಲಾಟಿನಂ 2 ಅಂದರೆ ನಡುವೆ ಎಲ್ಲೋ ಗೋಡೆ ಇದೆ. ಆಮೇಲೆ ಪ್ಲಾಟಿನಂ ಅಂಕಿಯ ಹತ್ತಿರ ಹತ್ತಿರ ಇರುವ ಟ್ರೋಫಿ ಯಾವುದು ಅಂತ ಹುಡುಕಿ. ಸಾಮಾನ್ಯವಾಗಿ ಒಂದೋ ಎರಡೋ ಇರುತ್ತವೆ, ಅವೇ ಆ ಗೋಡೆ. ಅದರ ವಿವರಣೆ ಓದಿ. "ಇಂಥ ಬಾಸ್ ಸೋಲಿಸಿ" ಅಂತಿದ್ದರೆ ಕಷ್ಟದ ಗೋಡೆ, ನಿಮ್ಮಂಥವರಿಗೆ ಅದು ಹಬ್ಬ. "ಎಲ್ಲಾ" ಅಂತಲೋ, ದೊಡ್ಡದೊಂದು ಅಂಕಿಯೋ ಇದ್ದರೆ ಹುಷಾರು. ಆ ವಸ್ತು ಎಲ್ಲಿ ಸಿಗುತ್ತದೆ, ಜಾಗದಲ್ಲಿ ಇಟ್ಟಿದ್ದಾರಾ ಇಲ್ಲ ಶತ್ರುವಿನಿಂದ ಬೀಳಬೇಕಾ ಅಂತ ನೋಡಿ. ಬೀಳಬೇಕು ಅಂದರೆ ಮೇಲೆ ಹೇಳಿದ ಲೆಕ್ಕ ಹಾಕಿ, ಆಮೇಲೆ ಶುರು ಮಾಡಿ.

ಗೈಡ್ ಪೂರ್ತಿ ಓದಬೇಡಿ. ಮೊದಲ ಸಲ ಆಡುವಾಗ ಮಿಸ್ ಆದರೆ ಮತ್ತೆ ಸಿಗದ ವಸ್ತು ಯಾವುದು ಅನ್ನೋದನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎಲ್ಡನ್ ರಿಂಗ್‌ನಲ್ಲಿ ಬೋಲ್ಟ್ ಆಫ್ ಗ್ರಾನ್ಸಾಕ್ಸ್ ಆಯುಧ ಹಾಗಿತ್ತು. ಲೇಂಡೆಲ್ ನಗರ ಬೂದಿಯಾಗುವ ಮೊದಲು ತೆಗೆದುಕೊಳ್ಳದಿದ್ದರೆ ಆ ಸುತ್ತಿನಲ್ಲಿ ಅದು ಹೋದ ಹಾಗೆಯೇ. ಈ ಒಂದು ಸಾಲು ಗೊತ್ತಿದ್ದರೆ ಸಾಕು, ಉಳಿದ ಆಟವನ್ನು ಗೈಡ್ ಮುಚ್ಚಿಟ್ಟು ಆಡಬಹುದು. ಮಿಸ್ ಆಗುತ್ತೇನೋ ಅನ್ನೋ ಹೆದರಿಕೆಯಿಂದ ಮೊದಲ ಆಟವನ್ನೇ ಗೈಡ್ ಹೇಳಿದ ಹಾಗೆ ಆಡಿದರೆ, ಆ ಆಟವನ್ನು ಮೊದಲ ಸಲ ನೋಡುವ ಅವಕಾಶ ಇನ್ನೊಂದು ಸಲ ಸಿಗೋದಿಲ್ಲ.

ಇದೇ ಕಣ್ಣಿನಿಂದ ನಿಮ್ಮ ಫೈನಲ್ ಫ್ಯಾಂಟಸಿ 10 ರೀಮಾಸ್ಟರ್ ಪಟ್ಟಿ ನೋಡೋಣ. ಅದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗ್ರಹ, ಅಲ್ ಭೆಡ್ ಭಾಷೆ ಕಲಿಸುವ ಪ್ರೈಮರ್‌ಗಳು. ಒಟ್ಟು 26, ಒಂದೊಂದಕ್ಕೂ ಒಂದು ಅಕ್ಷರ. ಅಲ್ ಭೆಡ್ ಜನ ಮಾತಾಡುವಾಗ ಮೊದಲು ತೆರೆಯ ಮೇಲೆ ಬರೀ ಅರ್ಥವಾಗದ ಅಕ್ಷರಗಳು ಬರುತ್ತವೆ. ಪ್ರೈಮರ್ ಸಿಕ್ಕ ಹಾಗೆಲ್ಲ ಒಂದೊಂದು ಅಕ್ಷರ ತಿಳಿಯಾಗುತ್ತಾ ಹೋಗುತ್ತದೆ, ನಿನ್ನೆ ಗೊಂದಲವಾಗಿದ್ದ ಮಾತು ಇವತ್ತು ಅರ್ಧ ಅರ್ಥವಾಗುತ್ತದೆ. ಸಂಗ್ರಹ ಅಂದರೆ ಹೀಗಿರಬೇಕು. ಪ್ರತಿ ವಸ್ತುವೂ ಆಟವನ್ನು ಒಂದು ಚೂರು ಬದಲಿಸುತ್ತದೆ. ಆದರೆ ಇವುಗಳಲ್ಲಿ ಕೆಲವು, ಮುಖ್ಯವಾಗಿ ಹೋಮ್ ಎಂಬ ನೆಲೆಯಲ್ಲಿ ಇರುವವು, ಆ ಜಾಗ ನಾಶವಾದ ಮೇಲೆ ಸಿಗೋದೇ ಇಲ್ಲ. ಬೆವೆಲ್‌ನಲ್ಲೂ ಹಾಗೆ ತಪ್ಪಿಹೋಗುವಂಥದ್ದು ಒಂದಿದೆ. ನಿಮ್ಮ ಚೀಟಿಯಲ್ಲಿ ಈ ಎರಡು ಹೆಸರು ಇರಲಿ.

ಇನ್ನು ಥಂಡರ್ ಪ್ಲೇನ್ಸ್‌ನಲ್ಲಿ ಸತತ 200 ಸಿಡಿಲು ತಪ್ಪಿಸಿಕೊಳ್ಳುವ ಟ್ರೋಫಿ. ತೆರೆ ಬೆಳ್ಳಗಾದ ಕೂಡಲೇ ಬಟನ್ ಒತ್ತಬೇಕು, ಒಂದು ತಪ್ಪಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಮೊದಲ ಐವತ್ತು ಸಿಡಿಲು ನಿಜವಾಗಿಯೂ ಮಜಾ, ಕೈ ಕಣ್ಣು ಎರಡೂ ಚುರುಕಾಗುತ್ತವೆ. ಆಮೇಲಿನದ್ದು ಕಣ್ಣು ಮಿಟುಕಿಸದೆ ಕೂರುವ ಪರೀಕ್ಷೆ. ಇದರ ಬೇಸರ ಪ್ರೂಫ್ ಥರದ್ದಲ್ಲ, ಯಾಕೆಂದರೆ ಇಲ್ಲಿ ಅದೃಷ್ಟಕ್ಕೆ ಕೆಲಸ ಇಲ್ಲ, ಕೊನೆ ಎಲ್ಲಿದೆ ಅಂತ ಗೊತ್ತಿದೆ. ನೋ ಎನ್‌ಕೌಂಟರ್ಸ್ ಇರುವ ಕವಚ ಹಾಕಿಕೊಂಡು ಹೋಗಿ, ಇಲ್ಲದಿದ್ದರೆ ನಡುನಡುವೆ ಕಾದಾಟ ಶುರುವಾಗಿ ಗಮನ ಚದುರುತ್ತದೆ. ನೆಲದಲ್ಲಿ ಸಣ್ಣ ಗುಂಡಿ ಇರುವ ಜಾಗ ಒಂದಿದೆ, ಅದನ್ನು ದಾಟಿದಾಗಲೆಲ್ಲ ಸಿಡಿಲು ಬೀಳುತ್ತದೆ. ಅಲ್ಲಿ ಹಿಂದೆ ಮುಂದೆ ಓಡಾಡುತ್ತಾ ಇದ್ದರೆ ಸಿಡಿಲು ಯಾವಾಗ ಬರುತ್ತೆ ಅಂತ ಕಾಯಬೇಕಾಗಿಲ್ಲ. ಎಷ್ಟಾಯಿತು ಅಂತ ಆಟ ತೋರಿಸೋದಿಲ್ಲ, ನೀವೇ ಎಣಿಸಿಕೊಳ್ಳಬೇಕು. 200 ಆಯಿತು ಅನ್ನಿಸಿದ ಮೇಲೂ ಹತ್ತು ಜಾಸ್ತಿ ಮಾಡಿ ನಿಲ್ಲಿಸಿ, ಎಣಿಕೆ ತಪ್ಪಿದ್ದರೆ ಅದು ಕಾಪಾಡುತ್ತದೆ.

ಆ ಪಟ್ಟಿಯಲ್ಲಿ ನಿಮ್ಮನ್ನು ಕೂರಿಸುವ ನಿಜವಾದ ಗೋಡೆ ಬೇರೆ ಇದೆ. ಏಳೂ ಪಾತ್ರಗಳ ಬಲ ಬೆಳೆಸುವ ಸ್ಫಿಯರ್ ಗ್ರಿಡ್ ಪೂರ್ತಿ ತುಂಬಬೇಕು. ಒಂದಿಬ್ಬರದು ತುಂಬುವಾಗ ಪಾತ್ರ ಬಲವಾಗೋದು ಕಣ್ಣಿಗೆ ಕಾಣುತ್ತದೆ, ಖುಷಿ ಇರುತ್ತದೆ. ಅಷ್ಟರಲ್ಲಿ ಕಥೆಯ ಶತ್ರುಗಳೆಲ್ಲ ಒಂದೇ ಏಟಿಗೆ ಬೀಳೋಕೆ ಶುರುವಾಗುತ್ತಾರೆ, ಉಳಿದವರಿಗೆ ತುಂಬುವ ಬಲಕ್ಕೆ ಕೆಲಸವೇ ಇರೋದಿಲ್ಲ. ಇದಕ್ಕೆ ಮಾನ್ಸ್ಟರ್ ಅರೀನಾದಲ್ಲಿ ಡಾನ್ ಟಾನ್‌ಬೆರಿ ಅನ್ನೋ ರಾಕ್ಷಸನ ಎದುರು, ವಿಶೇಷ ದಾಳಿಗೆ ತುಂಬುವ ಓವರ್‌ಡ್ರೈವನ್ನು ಅನುಭವದ ಅಂಕವಾಗಿ ಬದಲಿಸುವ ಆಯುಧ ಹಿಡಿದು ನಿಂತರೆ ತುಂಬಾ ಬೇಗ ಆಗುತ್ತದೆ. ಆದರೆ ಅರೀನಾ ತೆರೆಯೋಕೆ ರಾಕ್ಷಸರನ್ನು ಹಿಡಿದು ತರೋದೇ ಒಂದು ಕೆಲಸ, ಆಯುಧ ತಯಾರು ಮಾಡಿಕೊಳ್ಳೋದು ಇನ್ನೊಂದು.

ಹಾಗಾಗಿ ಫೈನಲ್ ಫ್ಯಾಂಟಸಿ 10 ಶುರು ಮಾಡಿ, ಕಥೆಯನ್ನು ಆರಾಮಾಗಿ ಆಡಿ, ಪ್ರೈಮರ್‌ಗಳನ್ನು ದಾರಿಯಲ್ಲೇ ಆರಿಸಿಕೊಳ್ಳಿ, ಸಿಡಿಲಿನ ಟ್ರೋಫಿಗೆ ಒಂದು ಸಂಜೆ ಕೊಡಿ. ಸ್ಫಿಯರ್ ಗ್ರಿಡ್ ಟ್ರೋಫಿಯನ್ನು ಮಾಡಬೇಕಾ ಬೇಡವಾ ಅಂತ ಕಥೆ ಮುಗಿದ ಮೇಲೆ, ಅರೀನಾದಲ್ಲಿ ನಾಲ್ಕಾರು ಕಾದಾಟ ಆಡಿ ನೋಡಿ ತೀರ್ಮಾನಿಸಿ. ಅರೀನಾದ ದೊಡ್ಡ ರಾಕ್ಷಸರನ್ನು ಹೊಡೆಯೋಕೆ ಅಂತ ಆ ಬಲ ಬೇಕು ಅನ್ನಿಸಿದರೆ ಗ್ರಿಡ್ ತಾನಾಗಿಯೇ ತುಂಬುತ್ತಾ ಹೋಗುತ್ತದೆ. ಹಾಗನ್ನಿಸದಿದ್ದರೆ ಮೂರನೇ ಪಾತ್ರದ ಗ್ರಿಡ್‌ಗೆ ಕೈ ಹಾಕಬೇಡಿ.